ಅಂಚು ಕತ್ತರಿಸಿದ ಮೇಲೆ ಅಪ್ಪನ ಫೋಟೊ ಎಷ್ಟು ದೊಡ್ಡದಾಗಬಲ್ಲದು?

ಪ್ರಶ್ನೆ: ಸರ್, ಮಾಟುಂಗದಲ್ಲಿ ಅಪ್ಪ ನಡೆಸುತ್ತಿದ್ದ ಸಣ್ಣ ಹೋಟೆಲಿನ ಮುಂದೆ ಅವರು ನಿಂತಿರುವ ಒಂದೇ ಒಂದು ಒಳ್ಳೆಯ ಫೋಟೊ ನಮ್ಮಲ್ಲಿದೆ. ಈಗ ಅಪ್ಪನೂ ಇಲ್ಲ, ಹೋಟೆಲೂ ಇಲ್ಲ. ಎಡಗಡೆ ಯಾರದೋ ಸ್ಕೂಟರ್, ಬಲಗಡೆ ಚೀಲ ಹಿಡಿದವರ ಮೊಣಕೈ, ಮೇಲೆ ವೈರುಗಳು ಬಂದಿದ್ದವು. ಅಣ್ಣನ ಮಗ ಅದನ್ನೆಲ್ಲ ಕತ್ತರಿಸಿ ತೆಗೆದ. ಕ್ಯಾಮೆರಾದ ಫೈಲ್ 5184×3456 ಇತ್ತು. ಡೊಂಬಿವಲಿಯ ಮನೆಯ ಹಾಲ್‌ನಲ್ಲಿ ಸೋಫಾದ ಮೇಲೆ 20×30 ಇಂಚಿನ ಪ್ರಿಂಟ್ ಹಾಕಬೇಕೆಂದು ಆಸೆ. ಲ್ಯಾಬಿನವರು "72 ಡಿಪಿಐ ಇದೆ, 300 ಬೇಕು" ಎಂದರು. ಅವನು ಫೋಟೊಶಾಪಿನಲ್ಲಿ 300 ಮಾಡಿದ ಮೇಲೆ ಈಗ 14100×11900 ಅಂತ ತೋರಿಸುತ್ತಿದೆ. ಇಷ್ಟು ಸಾಕಲ್ಲವೆ? ಕತ್ತರಿಸಿದ್ದರಿಂದ ಫೋಟೊ ಕೆಟ್ಟಿದೆಯೆ? ಎರಡೂ ಫೈಲ್ ಇದರ ಜೊತೆ ಇಟ್ಟಿದ್ದೇನೆ.

ಉತ್ತರ: ಮೊದಲಿಗೆ ಒಂದು ಸಮಾಧಾನದ ಮಾತು. ನಿಮ್ಮ ಮೂಲ ಫೈಲ್ ಹಾಗೇ ಇದೆ, ಅದರಲ್ಲಿ ಅಪ್ಪನ ಮುಖ ಚೆನ್ನಾಗಿ ಬಂದಿದೆ. ಕತ್ತರಿಸಿದ್ದರಿಂದ ಏನೂ ಕೆಟ್ಟಿಲ್ಲ. ಕೆಟ್ಟಿರುವುದು ಆಮೇಲೆ 300 ಮಾಡಿದ ಫೈಲ್. ಅದನ್ನು ಪಕ್ಕಕ್ಕಿಟ್ಟು ಮೂಲದಿಂದ ಮತ್ತೊಮ್ಮೆ ಕತ್ತರಿಸಿಕೊಂಡರೆ ಮುಗಿಯಿತು.

ಏನಾಗಿದೆ ಎಂಬುದನ್ನು ನೀವು ಕೊಟ್ಟ ಅಂಕಿಯೇ ಹೇಳುತ್ತದೆ. ಕ್ಯಾಮೆರಾದಲ್ಲಿ ಇದ್ದದ್ದು ಅಗಲಕ್ಕೆ 5184 ಪಿಕ್ಸೆಲ್. ಕತ್ತರಿಸಿದ ಮೇಲೆ ಅದು ಕಡಿಮೆಯಾಗಬೇಕೇ ಹೊರತು 14100 ಆಗುವುದು ಹೇಗೆ? 14100ನ್ನು 72ರಿಂದ ಗುಣಿಸಿ 300ರಿಂದ ಭಾಗಿಸಿ ನೋಡಿ, ಸರಿಯಾಗಿ 3384 ಬರುತ್ತದೆ. ಎತ್ತರಕ್ಕೂ ಹಾಗೇ ಮಾಡಿದರೆ 2856. ಅಂದರೆ ಅಂಚುಗಳನ್ನು ತೆಗೆದ ಮೇಲೆ ನಿಜವಾಗಿ ಉಳಿದದ್ದು 3384×2856. ಅವನು 72 ಎಂದಿದ್ದ ಜಾಗದಲ್ಲಿ 300 ಎಂದು ಬರೆದಾಗ, ಫೋಟೊಶಾಪಿನ Image Size ಕಿಟಕಿಯಲ್ಲಿ Resample ಎಂಬ ಗುರುತು ಹಾಕಿಯೇ ಇತ್ತು. ಆ ಗುರುತು ಇದ್ದರೆ ತಂತ್ರಾಂಶ ಇಂಚಿನ ಅಳತೆಯನ್ನು ಹಾಗೇ ಇಟ್ಟುಕೊಂಡು, ಸಾಲದೆ ಬಿದ್ದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ತಾನೇ ತುಂಬುತ್ತದೆ. ಹೀಗೆ ಒಂದು ಪಿಕ್ಸೆಲ್ ಇದ್ದ ಕಡೆ ಹದಿನೇಳು ಕೂತಿವೆ. ಫೈಲ್ ಭಾರವಾಯಿತು, ಅಪ್ಪನ ರೆಪ್ಪೆಯ ಒಂದು ಕೂದಲೂ ಹೊಸದಾಗಿ ಬರಲಿಲ್ಲ.

ಲ್ಯಾಬಿನವರು ಹೇಳಿದ 72ಕ್ಕೂ ಹೆದರಬೇಡಿ. ಕ್ಯಾಮೆರಾ ತೆಗೆದ ಫೈಲಿನಲ್ಲಿ ಅದೊಂದು ಚೀಟಿ ಅಷ್ಟೆ: "ಪ್ರಿಂಟ್ ಮಾಡುವಾಗ ಒಂದು ಇಂಚಿನಲ್ಲಿ ಇಷ್ಟು ಪಿಕ್ಸೆಲ್ ಹರಡಿ" ಎಂಬ ಸೂಚನೆ. ಚೀಟಿಯಲ್ಲಿ 72 ಇದ್ದರೆ ನಿಮ್ಮ 3384 ಪಿಕ್ಸೆಲ್ 47 ಇಂಚಿನಲ್ಲಿ ಹರಡುತ್ತವೆ, 300 ಎಂದು ಬರೆದರೆ ಅದೇ ಪಿಕ್ಸೆಲ್‌ಗಳು 11.28 ಇಂಚಿನೊಳಗೆ ಒತ್ತೊತ್ತಾಗಿ ಕೂರುತ್ತವೆ. ಬಟ್ಟೆ ಅದೇ, ಮಡಿಸುವ ರೀತಿ ಬೇರೆ. ಹಾಗಾಗಿ ಯಾರಾದರೂ ಡಿಪಿಐ ಎಷ್ಟು ಎಂದು ಕೇಳಿದರೆ, ಉದ್ದ ಅಗಲದಲ್ಲಿ ಎಷ್ಟು ಪಿಕ್ಸೆಲ್ ಇವೆ, ಎಷ್ಟು ಇಂಚಿಗೆ ಬೇಕು ಎಂದು ಹೇಳಿ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಬರುವುದೇ ನಿಜವಾದ ಸಂಖ್ಯೆ.

ಈಗ ಆ ಭಾಗಾಕಾರವನ್ನೇ ನಿಮ್ಮ ಫೋಟೊಕ್ಕೆ ಮಾಡೋಣ. ಅಣ್ಣನ ಮಗ ಎಡಗಡೆ ಸ್ಕೂಟರಿಗಾಗಿ 1100 ಪಿಕ್ಸೆಲ್, ಬಲಗಡೆ ಮೊಣಕೈಗಾಗಿ 700, ಮೇಲೆ ವೈರು ಮತ್ತು ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಗಾಗಿ 480, ಕೆಳಗೆ 120 ತೆಗೆದಿದ್ದಾನೆ. ಒಟ್ಟು ಪಿಕ್ಸೆಲ್ ಲೆಕ್ಕದಲ್ಲಿ ಮೂಲದ ಶೇ. 54 ಉಳಿದಿದೆ. ಅರ್ಧ ಹೋಯಿತು ಎಂದು ಇಲ್ಲಿ ತುಂಬ ಜನ ಗಾಬರಿಯಾಗುತ್ತಾರೆ. ಆದರೆ ಪ್ರಿಂಟಿನ ಅಳತೆ ನಿರ್ಧಾರವಾಗುವುದು ಬದಿಯ ಉದ್ದದಿಂದ. ಅಗಲದಲ್ಲಿ 5184ಕ್ಕೆ 3384 ಎಂದರೆ ಶೇ. 65 ಕೈಯಲ್ಲಿದೆ.

20×30 ಇಂಚಿನ ಕಾಗದಕ್ಕೆ 3:2 ಆಕಾರ ಬೇಕು. ಕತ್ತರಿಸಿ ಉಳಿದ ಚಿತ್ರ ಅದಕ್ಕಿಂತ ಚೌಕವಾಗಿದೆ. 3384 ಅಗಲಕ್ಕೆ ಎತ್ತರ 2256 ಮಾತ್ರ ಹಿಡಿಯುತ್ತದೆ. ಅಂದರೆ ಈಗಾಗಲೇ ಕತ್ತರಿಸಿದ್ದರ ಮೇಲೆ ಇನ್ನೂ 600 ಪಿಕ್ಸೆಲ್ ಎತ್ತರ ಹೋಗಬೇಕು. ನಿಮ್ಮ ಫೋಟೊದಲ್ಲಿ ಅದನ್ನು ಮೇಲಿನಿಂದ ತೆಗೆದರೆ ಹೋಟೆಲಿನ ಬೋರ್ಡು ಹೋಗುತ್ತದೆ, ಕೆಳಗಿನಿಂದ ತೆಗೆದರೆ ಅಪ್ಪನ ಕಾಲು ಮೊಣಕಾಲಿನವರೆಗೆ ಹೋಗುತ್ತದೆ. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಸಿಗುವುದು ಇಂಚಿಗೆ 113 ಪಿಕ್ಸೆಲ್. ಮಾಟುಂಗದಲ್ಲಿ ಕನ್ನಡ ಬೋರ್ಡಿನ ಕೆಳಗೆ ನಿಂತ ಅಪ್ಪನ ಫೋಟೊ ಇದು. ಬೋರ್ಡಿಲ್ಲದ, ಕಾಲಿಲ್ಲದ ದೊಡ್ಡ ಪ್ರಿಂಟು ಯಾವ ಗೋಡೆಗೂ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ರೆಸಲ್ಯೂಷನ್ನಿಗಿಂತ ಮೊದಲು ಅಡ್ಡ ಬಂದದ್ದು ಆಕಾರ.

16×20 ಇಂಚನ್ನು ಅಡ್ಡವಾಗಿ ಹಿಡಿದರೆ ಆಕಾರ 5:4. 3384 ಅಗಲಕ್ಕೆ 2707 ಎತ್ತರ ಸಾಕು. ನಿಮ್ಮ ಹತ್ತಿರ 2856 ಇದೆ. ಬೋರ್ಡೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ, 149 ಪಿಕ್ಸೆಲ್ ಆಚೀಚೆ ಸರಿಸಿಕೊಳ್ಳಲು ಜಾಗವೂ ಇದೆ. ಇಂಚಿಗೆ 169 ಪಿಕ್ಸೆಲ್ ಬರುತ್ತದೆ. 12×15ಕ್ಕೆ ಇಳಿದರೆ ಅದೇ ಆಕಾರದಲ್ಲಿ 226.

169 ಸಾಕೆ? ಇದಕ್ಕೆ 300 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ. ಸಾಮಾನ್ಯ ದೃಷ್ಟಿಯ ಕಣ್ಣು ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನ ಇರಬೇಕು. ಇದನ್ನು ಲೆಕ್ಕಕ್ಕೆ ಇಳಿಸಿದರೆ, 3438ನ್ನು ನೋಡುವ ದೂರದ ಇಂಚಿನಿಂದ ಭಾಗಿಸಬೇಕು. ಆಲ್ಬಂ ಕೈಯಲ್ಲಿ ಹಿಡಿದು ಒಂದು ಅಡಿ ದೂರದಿಂದ ನೋಡಿದರೆ 286 ಬರುತ್ತದೆ. ಅದನ್ನೇ ದುಂಡಗೆ ಮಾಡಿ 300 ಎನ್ನುತ್ತಾರೆ. ಎರಡು ಅಡಿಗೆ 143, ಮೂರು ಅಡಿಗೆ 95, ಐದು ಅಡಿಗೆ 57 ಸಾಕು. ಕೈಯಲ್ಲಿ ಹಿಡಿಯುವ ಫೋಟೊದ ನಿಯಮವನ್ನು ಗೋಡೆಗೂ ಹಚ್ಚಿದ್ದರಿಂದಲೇ ಲ್ಯಾಬಿನಲ್ಲಿ ನಿಮ್ಮನ್ನು ವಾಪಸ್ ಕಳಿಸಿದ್ದು.

ಆದರೆ ಇದನ್ನೇ ಹಿಡಿದುಕೊಂಡು "ಸೋಫಾದ ಮೇಲೆ ಐದು ಅಡಿ ದೂರ, 57 ಸಾಕು, 113 ಧಾರಾಳ" ಎಂದು ಬಿಡುವವರೂ ಇದ್ದಾರೆ. ಊರ ದೃಶ್ಯಕ್ಕೆ, ಸಮುದ್ರದ ಫೋಟೊಕ್ಕೆ ಆ ಮಾತು ನಡೆಯುತ್ತದೆ. ಮನೆಯವರ ಮುಖ ಇರುವ ಫೋಟೊಕ್ಕೆ ನಡೆಯುವುದಿಲ್ಲ. ನಾನು ಫ್ರೇಮ್ ಕೊಟ್ಟು ಬಂದ ಮನೆಗಳಲ್ಲೆಲ್ಲ ನೋಡಿದ್ದೇನೆ: ನೆಂಟರು ಬಂದರೆ ಮೊದಲು ದೂರದಿಂದ ನೋಡುತ್ತಾರೆ, ಆಮೇಲೆ ಎದ್ದು ಬಂದು ಎರಡು ಅಡಿ ಹತ್ತಿರದಲ್ಲಿ ನಿಂತು ಕಣ್ಣನ್ನು ನೋಡುತ್ತಾರೆ. ನಿಮ್ಮ ಅಮ್ಮ ದಿನವೂ ಹಾಗೇ ನೋಡಬಹುದು. ಆದ್ದರಿಂದ ಮುಖದ ಫೋಟೊಕ್ಕೆ ಎರಡು ಅಡಿಯ ಲೆಕ್ಕ ಹಿಡಿಯಿರಿ. ಬೇಕಾದ್ದು 143, 16×20ರಲ್ಲಿ ಇರುವುದು 169. ದಾಟಿದೆ. 20×30ರ 113 ದಾಟುವುದಿಲ್ಲ.

ಹಾಗಾದರೆ ಸ್ವಲ್ಪ ಕಡಿಮೆ ಕತ್ತರಿಸಿ, ಮೊಣಕೈಯನ್ನು ಕ್ಲೋನ್ ಮಾಡಿ, ಅಂದರೆ ಪಕ್ಕದ ಭಾಗದ ನಕಲನ್ನು ಅದರ ಮೇಲೆ ಹಚ್ಚಿ, ಅಳಿಸಿದರೆ ಪಿಕ್ಸೆಲ್ ಉಳಿಯುವುದಿಲ್ಲವೆ ಎಂದು ಅಣ್ಣನ ಮಗ ಕೇಳಬಹುದು. ಒಳ್ಳೆಯ ಯೋಚನೆಯೇ. ನಿಮ್ಮ ಫೈಲಿನಲ್ಲಿ ನಾನು ಅದನ್ನು ಮಾಡಿ ನೋಡಿದೆ. ಮೊಣಕೈಯ ಹಿಂದೆ ಇರುವುದು ರೋಲಿಂಗ್ ಶಟರ್. ಅದರ ಅಡ್ಡ ಗೆರೆಗಳ ಸಾಲಿಗೆ ಸರಿಯಾಗಿ ಕ್ಲೋನ್ ಹಿಡಿದರೆ ಗುರುತು ಸಿಗದ ಹಾಗೆ ಅಳಿಸಬಹುದು, ಬಲಗಡೆ 400 ಪಿಕ್ಸೆಲ್ ವಾಪಸ್ ಬರುತ್ತದೆ. ಆದರೆ 5:4 ಆಕಾರಕ್ಕೆ ಎತ್ತರವೂ ಜೊತೆಗೆ ಬೆಳೆಯಬೇಕಲ್ಲ. ಎತ್ತರ 2856ರಲ್ಲೇ ನಿಂತಿರುವುದರಿಂದ ಅಗಲ 3570ಕ್ಕಿಂತ ಹೆಚ್ಚು ಬಳಸಲು ಬರುವುದಿಲ್ಲ. 169 ಇದ್ದದ್ದು 178 ಆಗುತ್ತದೆ, ಅಷ್ಟೆ. ಮೇಲೆ ಎತ್ತರ ಬಿಡಿಸಿಕೊಳ್ಳೋಣ ಎಂದರೆ ವೈರುಗಳು ಬಾಲ್ಕನಿಯ ಗ್ರಿಲ್ ಮತ್ತು ಒಣಗುವ ಬಟ್ಟೆಯ ನಡುವೆ ಹಾದುಹೋಗಿವೆ. ಅಲ್ಲಿ ಕೈಯಾಡಿಸಿದರೆ ಗ್ರಿಲ್ ಅಂಕುಡೊಂಕಾಗಿ, ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಾವ ಬದಿಯಿಂದ ಪಿಕ್ಸೆಲ್ ಉಳಿಸಿದರೂ ಕಾಗದದ ಆಕಾರಕ್ಕೆ ಯಾವುದು ಗಿಡ್ಡವೋ ಅದೇ ಅಳತೆಯನ್ನು ಹಿಡಿದು ನಿಲ್ಲಿಸುತ್ತದೆ. ಬಲಗಡೆ ಅಪ್ಪನ ಭುಜದ ಪಕ್ಕ ಸ್ವಲ್ಪ ಉಸಿರಾಡುವ ಜಾಗ ಬೇಕೆನಿಸಿದರೆ ಮಾತ್ರ ಮೊಣಕೈಯನ್ನು ಅಳಿಸಿ.

ಮೂಲ ಫೈಲಿನಿಂದ ಮತ್ತೆ ಕತ್ತರಿಸುವಾಗ ಎರಡು ಕಡೆ ಗಮನ ಬೇಕು. ಕ್ರಾಪ್ ಟೂಲ್ ತೆಗೆದಾಗ ಮೇಲಿನ ಪಟ್ಟಿಯಲ್ಲಿ Ratio ಆರಿಸಿ 5 ಮತ್ತು 4 ಎಂದು ಬರೆಯಿರಿ. ಅಲ್ಲೇ ಇರುವ W x H x Resolution ಆರಿಸಿ 20, 16, 300 ಎಂದು ಬರೆದರೆ ಕತ್ತರಿಸುವ ಹೊತ್ತಿಗೇ ಸದ್ದಿಲ್ಲದೆ ಪಿಕ್ಸೆಲ್ ತುಂಬಿ 6000×4800 ಮಾಡಿಬಿಡುತ್ತದೆ. ಆಮೇಲೆ ಎಷ್ಟು ಉಳಿದಿತ್ತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. Delete Cropped Pixels ಎಂಬ ಗುರುತನ್ನೂ ತೆಗೆದಿಡಿ. ನಾಳೆ ಸ್ವಲ್ಪ ಸರಿಸಬೇಕೆನಿಸಿದರೆ ಹೊರಗಿನ ಭಾಗ ಸಿಗುತ್ತದೆ, ಆದರೆ ಅದಕ್ಕೆ ಫೈಲನ್ನು PSD ಆಗಿ ಉಳಿಸಬೇಕು. ಕತ್ತರಿಸಿ ಆದ ಮೇಲೆ Image Size ತೆರೆದು Resample ಗುರುತು ತೆಗೆದು, ಅಗಲ 20 ಇಂಚು ಎಂದು ಬರೆಯಿರಿ. Resolution ಎದುರು 169 ಎಂದು ತಾನೇ ಬರುತ್ತದೆ, ಪಿಕ್ಸೆಲ್ ಸಂಖ್ಯೆ ಅಲುಗಾಡುವುದಿಲ್ಲ. ಅಲುಗಾಡಿದರೆ ಗುರುತು ಹೋಗಿಲ್ಲ ಎಂದರ್ಥ.

ಕೆಳಗಿನ ಅಂಚನ್ನು ಎಲ್ಲಿ ನಿಲ್ಲಿಸುವುದು ಎಂಬುದು ಪರದೆಯ ಮೇಲೆ ಗೊತ್ತಾಗುವುದಿಲ್ಲ. ಫ್ರೇಮಿನ ಮರದ ಒಳಗಂಚು ಪ್ರಿಂಟಿನ ನಾಲ್ಕೂ ಬದಿಯಲ್ಲಿ ಸುಮಾರು ಕಾಲು ಇಂಚು ಮುಚ್ಚುತ್ತದೆ. 169ರ ಲೆಕ್ಕದಲ್ಲಿ ಅದು 42 ಪಿಕ್ಸೆಲ್. ಲ್ಯಾಬಿನವರು ಅಂಚಿಲ್ಲದ ಪ್ರಿಂಟ್ ಕತ್ತರಿಸುವಾಗ ಎರಡು ಮೂರು ಮಿಲಿಮೀಟರ್ ಬೇರೆ ಹೋಗುತ್ತದೆ. ಈಗಿನ ಕ್ರಾಪಿನಲ್ಲಿ ಅಪ್ಪನ ಚಪ್ಪಲಿಯ ಕೆಳಗೆ ಇರುವುದು 30 ಪಿಕ್ಸೆಲ್ ಮಾತ್ರ. ಪರದೆಯ ಮೇಲೆ ಅಂದವಾಗಿ ಕಾಣುತ್ತದೆ, ಫ್ರೇಮಿನೊಳಗೆ ಹೋದಾಗ ಚಪ್ಪಲಿ ಮರದ ಅಡಿಗೆ ಸೇರುತ್ತದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ದಾದರಿನ ಒಂದು ಮನೆಯ ಅಜ್ಜ ಅಜ್ಜಿಯ ಫೋಟೊವನ್ನು ನಾನು ಹೀಗೇ ಒತ್ತಿ ಕತ್ತರಿಸಿ ಕೊಟ್ಟಿದ್ದೆ. ಅಜ್ಜಿಯ ಕಾಲುಂಗುರ ಫ್ರೇಮಿನ ಕೆಳಗೆ ಹೋಗಿತ್ತು. ಅವರ ಮಗಳು ಮೊದಲು ಹುಡುಕಿದ್ದೇ ಅದನ್ನು. ಮತ್ತೆ ಪ್ರಿಂಟ್ ಮಾಡಿ ಕೊಟ್ಟೆ, ಆದರೆ ಆ ಸಂಜೆಯ ಅವರ ಮುಖ ಮರೆತಿಲ್ಲ. ನೀವು ಕೆಳಗೆ ತೆಗೆದ 120ರಲ್ಲಿ 80 ಪಿಕ್ಸೆಲ್ ವಾಪಸ್ ತೆಗೆದುಕೊಳ್ಳಿ. ಅಲ್ಲಿ ಬರೀ ಕಡಪ ಕಲ್ಲಿನ ಮೆಟ್ಟಿಲಿದೆ, ಕೊಳಕು ಏನೂ ಇಲ್ಲ. ಮೇಲೆ ಅಷ್ಟೇ ಪ್ರಮಾಣದಲ್ಲಿ ಇಳಿಸಿದರೆ ಬೋರ್ಡಿನ ಅಕ್ಷರಗಳಿಗೆ ತೊಂದರೆಯಿಲ್ಲ.

ಕ್ಯಾನ್ವಾಸ್ ಮಾಡಿಸುವ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. ಮರದ ಪಟ್ಟಿಯ ಹಿಂದಕ್ಕೆ ಮಡಿಸಲು ಪ್ರತಿ ಬದಿಗೂ ಒಂದೂವರೆ ಇಂಚಾದರೂ ಚಿತ್ರ ಬೇಕು. ನಿಮ್ಮ ಹತ್ತಿರ ಆ ಹೆಚ್ಚುವರಿ ಇಲ್ಲ. ಇದ್ದದ್ದನ್ನೇ ಮಡಿಸಿದರೆ ಬೋರ್ಡು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಈ ಫೋಟೊಕ್ಕೆ ಮ್ಯಾಟ್ ಕಾಗದದ ಪ್ರಿಂಟೇ ಸರಿ.

ಇಷ್ಟು ಹೊತ್ತು ನಾವು ಪಿಕ್ಸೆಲ್ ಎಣಿಸಿದೆವು. ಎಣಿಕೆ ಸರಿಯಿದ್ದೂ ಪ್ರಿಂಟ್ ಮಂಕಾಗುವುದುಂಟು, ಯಾಕೆಂದರೆ ಪಿಕ್ಸೆಲ್ ಇದ್ದ ಕಡೆಯಲ್ಲೆಲ್ಲ ವಿವರ ಇರಬೇಕೆಂದಿಲ್ಲ. ಅದನ್ನು ನೋಡಲು ಫೈಲನ್ನು 100% ಅಳತೆಗೆ ದೊಡ್ಡದು ಮಾಡಿ ಮೂರು ಜಾಗಕ್ಕೆ ಹೋಗಿ: ಅಪ್ಪನ ಕಣ್ಣು, ಅಂಗಿಯ ಜೇಬಿನ ಪೆನ್ನು, ಬೋರ್ಡಿನ ಅಕ್ಷರ. ಕೈ ಅಲುಗಿದ್ದರೆ ಎಲ್ಲ ಗೆರೆಗಳೂ ಒಂದೇ ದಿಕ್ಕಿನಲ್ಲಿ ಜೋಡಿಯಾಗಿ ಕಾಣುತ್ತವೆ. ಪೆನ್ನಿನ ಕ್ಲಿಪ್ಪು ಎರಡಿದ್ದ ಹಾಗೆ ತೋರುತ್ತದೆ. ಫೋಕಸ್ ತಪ್ಪಿದ್ದರೆ ಮುಖ ಮೆತ್ತಗೆ, ಹಿಂದಿನ ಬೋರ್ಡು ಚೂಪು. ವಾಟ್ಸಾಪಿನಲ್ಲಿ ಹೋಗಿಬಂದ ಫೈಲಾದರೆ ಅಕ್ಷರಗಳ ಸುತ್ತ ಎಂಟೆಂಟು ಪಿಕ್ಸೆಲ್ಲಿನ ಚೌಕಗಳು, ಧೂಳಿನ ಹಾಗೆ ಮಸುಕು. ಅಂಥ ಫೈಲಿನಲ್ಲಿ ಪಿಕ್ಸೆಲ್ಲೂ ಕಡಿಮೆಯಾಗಿರುತ್ತದೆ. ಲ್ಯಾಬಿಗೆ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೆ ಪೆನ್‌ಡ್ರೈವಿನಲ್ಲಿ ಕೊಡಿ.

ನಿಮ್ಮ ಮೂಲ ಫೈಲಿನಲ್ಲಿ ಈ ಮೂರೂ ದೋಷಗಳಿಲ್ಲ. ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಐಎಸ್‌ಒ 1600ರಲ್ಲಿ ತೆಗೆದದ್ದರಿಂದ ಅಪ್ಪನ ಕೆನ್ನೆಯಲ್ಲಿ, ಶಟರಿನ ನೆರಳಿನಲ್ಲಿ ಮರಳಿನ ಕಣದಂಥ ಚುಕ್ಕೆಗಳಿವೆ. 100%ರಲ್ಲಿ ಅವು ಕಣ್ಣಿಗೆ ಹೊಡೆಯುತ್ತವೆ, ಆದರೆ ಸಾಮಾನ್ಯ 24 ಇಂಚಿನ ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಮಾತ್ರ ಇರುತ್ತದೆ. ಅಂದರೆ ಪರದೆಯ 100% ನಿಮಗೆ ಬೇಕಾದ ಪ್ರಿಂಟಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. 50%ಗೆ ಇಳಿಸಿ ಎರಡು ಅಡಿ ದೂರ ಕೂತು ನೋಡಿ, 16×20ರಲ್ಲಿ ಕಾಣುವುದು ಬಹುತೇಕ ಅದೇ. ಚುಕ್ಕೆಗಳನ್ನು ತೆಗೆಯಲು ಹೋಗಿ ಮುಖ ಮೇಣದ ಬೊಂಬೆ ಮಾಡಬೇಡಿ. ಅಪ್ಪನ ಹಣೆಯ ಗೆರೆಗಳೂ ಅದರ ಜೊತೆಗೇ ಅಳಿಸಿಹೋಗುತ್ತವೆ.

ದೊಡ್ಡದಾಗಿ ಕಾಣಬೇಕೆಂಬ ನಿಮ್ಮ ಆಸೆಗೂ ದಾರಿಯಿದೆ. 16×20 ಪ್ರಿಂಟಿನ ಸುತ್ತ ಮೂರು ಇಂಚು ಮೌಂಟ್ ಬೋರ್ಡ್, ಅಂದರೆ ನಡುವೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು, ಹಾಕಿಸಿ. ಹೊರಗಿನ ಅಳತೆ 22×26 ಆಗುತ್ತದೆ, ಮರದ ದಪ್ಪ ಸೇರಿ ಇನ್ನೂ ಸ್ವಲ್ಪ ಹೆಚ್ಚು. ಸೋಫಾದ ಮೇಲಿನ ಗೋಡೆ ತುಂಬಿದಂತೆ ಕಾಣುತ್ತದೆ, ಒಂದು ಪಿಕ್ಸೆಲ್ಲನ್ನೂ ಎಳೆಯಬೇಕಾಗಿಲ್ಲ. ಬಿಳಿಗಿಂತ ತುಸು ಹಳದಿ ಬೆರೆತ ಬಣ್ಣ ಆ ಹಳೆಯ ಬೋರ್ಡಿಗೆ ಹೊಂದುತ್ತದೆ. ಮೌಂಟಿನ ಕಿಟಕಿಯೂ ಪ್ರಿಂಟಿನ ಅಂಚನ್ನು ಸ್ವಲ್ಪ ಮುಚ್ಚುತ್ತದೆ, ಆದ್ದರಿಂದ ಚಪ್ಪಲಿಯ ಕೆಳಗಿನ ಆ ಜಾಗ ಹೇಗೂ ಬೇಕೇ ಬೇಕು.

ಪೂರ್ತಿ ಪ್ರಿಂಟಿಗೆ ದುಡ್ಡು ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಸಿ. 169 ಎಂದು ಗುರುತಾದ ಫೈಲಿನ ಒಂದು ಪ್ರತಿ ಮಾಡಿ, ಅದರಿಂದ 1015×677 ಪಿಕ್ಸೆಲ್ಲಿನ ತುಂಡು ಕತ್ತರಿಸಿ. ಅಪ್ಪನ ಮುಖ, ಜೇಬಿನ ಪೆನ್ನು, ಗಲ್ಲಾದ ಒಂದು ಮೂಲೆ ಅದರಲ್ಲಿ ಬರಲಿ. ಅದು ಸರಿಯಾಗಿ 6×4 ಇಂಚಿನ ತುಂಡು. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಯಾವ ಸ್ಟುಡಿಯೊದಲ್ಲಾದರೂ ಮಾಮೂಲಿ 4×6 ಫೋಟೊದ ದರದಲ್ಲಿ, ಆದಷ್ಟು ಮಟ್ಟಿಗೆ ಅದೇ ಮ್ಯಾಟ್ ಕಾಗದದಲ್ಲಿ, "ಬಣ್ಣ ತಿದ್ದಬೇಡಿ, ದೊಡ್ಡದು ಚಿಕ್ಕದು ಮಾಡಬೇಡಿ" ಎಂದು ಹೇಳಿ ತೆಗೆಸಿ. ನಿಮ್ಮ 16×20ರಲ್ಲಿ ಮುಖ ಎಷ್ಟು ದೊಡ್ಡದಾಗಿ ಬರುತ್ತದೋ ಈ ತುಂಡಿನಲ್ಲೂ ಅಷ್ಟೇ ಇರುತ್ತದೆ. 20×30 ಬಗ್ಗೆ ಇನ್ನೂ ಮನಸ್ಸಿದ್ದರೆ 677×451ರ ಇನ್ನೊಂದು ತುಂಡನ್ನು ಅದೇ 6×4ರಲ್ಲಿ ತೆಗೆಸಿ ಪಕ್ಕಪಕ್ಕ ಇಡಿ. ಎರಡನ್ನೂ ಸೋಫಾದ ಮೇಲಿನ ಗೋಡೆಗೆ ಟೇಪಿನಲ್ಲಿ ಅಂಟಿಸಿ, ರಾತ್ರಿ ದೀಪ ಹಾಕಿದ ಮೇಲೆ ಅಮ್ಮನನ್ನು ಕರೆದು ತೋರಿಸಿ. ಅವರು ಎಷ್ಟು ಹತ್ತಿರ ಬಂದು ನಿಲ್ಲುತ್ತಾರೆ ಎಂದು ನೋಡಿಕೊಂಡು ಆರ್ಡರ್ ಕೊಡಿ.